ಡೀಸೆಲ್ ಲೆಕ್ಕವೂ ಸರ್ವಿಸ್ ಗಡುವೂ ಒಂದೇ ಸಾಲಿನಲ್ಲಿರಲಿ

ಹತ್ತಾರು ವಾಹನಗಳನ್ನು ಓಡಿಸುವ ಶಾಲೆ, ಕಾರ್ಖಾನೆ, ಸರಕು ಸಾಗಣೆ ಸಂಸ್ಥೆಗಳಲ್ಲಿ ಡೀಸೆಲ್ ಲೆಕ್ಕ ಒಬ್ಬರ ಕೈಯಲ್ಲಿರುತ್ತದೆ, ಸರ್ವಿಸ್ ದಾಖಲೆ ಇನ್ನೊಬ್ಬರ ಕೈಯಲ್ಲಿ. ಬಂಕಿನ ಬಿಲ್ಲುಗಳು ಲೆಕ್ಕಪತ್ರ ವಿಭಾಗ ಸೇರಿದರೆ, ಆಯಿಲ್ ಬದಲಿಸಿದ ದಿನಾಂಕ ವಾಹನ ಮೇಲ್ವಿಚಾರಕರ ಪುಸ್ತಕದಲ್ಲಿ ಉಳಿಯುತ್ತದೆ. ಎರಡಕ್ಕೂ ಆಧಾರವಾಗಿರುವುದು ಮಾತ್ರ ಒಂದೇ ಅಂಕಿ: ವಾಹನದ ಮೀಟರ್ ರೀಡಿಂಗ್. ಆದ್ದರಿಂದ ಇವೆರಡನ್ನೂ ವಾರಕ್ಕೊಮ್ಮೆ ಒಂದೇ ಹಾಳೆಗೆ ತಂದು, ಒಂದು ವಾಹನಕ್ಕೆ ಒಂದೇ ಸಾಲು ಮೀಸಲಿಡುವುದು ಸರಿಯಾದ ಕ್ರಮ. ಹಾಗೆ ಇಟ್ಟಾಗ ಒಂದು ಅಂಕಣ ಇನ್ನೊಂದನ್ನು ವಿವರಿಸುತ್ತದೆ, ಕೆಲವೊಮ್ಮೆ ಅದರ ತಪ್ಪನ್ನೂ ಹಿಡಿದುಕೊಡುತ್ತದೆ.

ಕರ್ನಾಟಕದ ಸಾರಿಗೆ ನಿಗಮಗಳ ಡಿಪೊಗಳಲ್ಲಿ ಇಂಧನದ ಲೆಕ್ಕವೆಂದರೆ ಕೆಎಂಪಿಎಲ್, ಅಂದರೆ ಒಂದು ಲೀಟರಿಗೆ ಓಡಿದ ಕಿಲೋಮೀಟರ್. ಒಂದು ಬಸ್ಸನ್ನು ಅಳೆಯಲು ಈ ಅಳತೆ ಸಾಕು. ಬೇರೆ ಬೇರೆ ಗಾತ್ರದ ವಾಹನಗಳನ್ನು ಒಟ್ಟಿಗೆ ನೋಡುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ. ಬಸ್ಸೊಂದು ಲೀಟರಿಗೆ 4 ಕಿ.ಮೀ. ಇದ್ದದ್ದು 5ಕ್ಕೆ ಏರಿದರೆ ಪ್ರತಿ ನೂರು ಕಿಲೋಮೀಟರಿಗೆ 5 ಲೀಟರ್ ಉಳಿಯುತ್ತದೆ. ಕಾರೊಂದು 12ರಿಂದ 15ಕ್ಕೆ ಏರಿದರೆ ಉಳಿಯುವುದು 2 ಲೀಟರಿಗಿಂತ ಕಡಿಮೆ. ಒಂದು ಕಿ.ಮೀ. ಏರಿಕೆಗಿಂತ ಮೂರು ಕಿ.ಮೀ. ಏರಿಕೆ ದೊಡ್ಡದಾಗಿ ಕಂಡರೂ ಹಣ ಉಳಿಸಿದ್ದು ಬಸ್ಸು. ವಾರದ ವರದಿಯಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆದರೆ ಈ ಗೊಂದಲ ಇರುವುದಿಲ್ಲ. ಒಟ್ಟು ಸರಾಸರಿ ಬೇಕಿದ್ದರೆ ಎಲ್ಲ ವಾಹನಗಳ ಒಟ್ಟು ಲೀಟರನ್ನು ಒಟ್ಟು ಕಿಲೋಮೀಟರಿನಿಂದ ಭಾಗಿಸಿ ನೂರರಿಂದ ಗುಣಿಸಬೇಕು. ವಾಹನಗಳ ಸರಾಸರಿಗಳಿಗೇ ಮತ್ತೆ ಸರಾಸರಿ ತೆಗೆದರೆ ಬರುವ ಉತ್ತರ ತಪ್ಪು.

ಲೆಕ್ಕ ಸರಿಬರಲು ಟ್ಯಾಂಕ್ ತುಂಬುವ ಶಿಸ್ತು ಮುಖ್ಯ. ಪ್ರತಿ ಶನಿವಾರ ಸಂಜೆ ಟ್ಯಾಂಕ್ ಪೂರ್ತಿ ತುಂಬಿಸಿ, ಅದೇ ಹೊತ್ತಿಗೆ ಮೀಟರ್ ಓದಿ ಬರೆಯಬೇಕು. ಒಂದು ಶನಿವಾರ ತುಂಬಿಸಿದ ನಂತರದಿಂದ ಮುಂದಿನ ಶನಿವಾರದವರೆಗೆ, ಆ ಸಂಜೆ ತುಂಬಿಸಿದ್ದೂ ಸೇರಿ, ಹಾಕಿಸಿದ ಡೀಸೆಲ್ಲೇ ಆ ವಾರ ಉರಿದ ಡೀಸೆಲ್. ಹೋಲಿಕೆ ಮಾಡಬೇಕಾದದ್ದು ಪಕ್ಕದ ವಾಹನದೊಂದಿಗೆ ಅಲ್ಲ, ಅದೇ ವಾಹನದ ಹಿಂದಿನ ನಾಲ್ಕು ವಾರಗಳೊಂದಿಗೆ. ಘಾಟಿ ಹತ್ತುವ ಬಸ್ಸನ್ನೂ ಬಯಲಿನಲ್ಲಿ ಓಡುವ ಬಸ್ಸನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಚಾಲಕರಿಗೆ ಅನ್ಯಾಯವಾಗುತ್ತದೆ, ನಿಜವಾದ ದೋಷವೂ ಮರೆಯಾಗುತ್ತದೆ.

ಸರ್ವಿಸ್ ಗಡುವನ್ನು ‘85,600 ಕಿ.ಮೀ.’ ಎಂದಷ್ಟೇ ಬರೆದಿಟ್ಟರೆ ಅದು ಯಾವ ವಾರ ಬರುತ್ತದೆಂದು ಓದುವವರಿಗೆ ತಿಳಿಯುವುದಿಲ್ಲ. ಉಳಿದಿರುವ ಕಿಲೋಮೀಟರನ್ನು ದಿನದ ಸರಾಸರಿ ಓಟದಿಂದ ಭಾಗಿಸಿ ಅದನ್ನು ದಿನಾಂಕವಾಗಿ ಬದಲಿಸಬೇಕು. ಜೊತೆಗೆ ತಯಾರಕರ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ವಾರಕ್ಕೆ 100 ಕಿ.ಮೀ. ಮಾತ್ರ ಓಡುವ ಕಾರು 10,000 ಕಿ.ಮೀ. ಮುಟ್ಟಲು ಸುಮಾರು ಎರಡು ವರ್ಷ ಬೇಕು, ಆದರೆ ಅದರ ಆಯಿಲಿಗೆ ವರ್ಷದ ಮಿತಿ ಅಷ್ಟರೊಳಗೆ ಮುಗಿದಿರುತ್ತದೆ. ವರದಿಯಲ್ಲಿ ಎರಡನ್ನೂ ಲೆಕ್ಕ ಹಾಕಿ, ಮೊದಲು ಬರುವ ದಿನಾಂಕವನ್ನೇ ಬರೆಯಬೇಕು.

ಶಾಲಾ ಬಸ್ಸೊಂದರ ಒಂದು ಸಾಲನ್ನು ಉದಾಹರಣೆಯಾಗಿ ನೋಡಬಹುದು. ಹಿಂದಿನ ನಾಲ್ಕು ವಾರಗಳಲ್ಲಿ ಬಸ್ಸು 3,600 ಕಿ.ಮೀ. ಓಡಿ 720 ಲೀಟರ್ ಡೀಸೆಲ್ ಬಳಸಿದೆ. ಅಂದರೆ ನೂರಕ್ಕೆ 20 ಲೀಟರ್. ಈ ವಾರ ಮೀಟರ್ 84,210ರಿಂದ 85,110ಕ್ಕೆ ಬಂದಿದೆ. 900 ಕಿ.ಮೀ. ಓಟಕ್ಕೆ 200 ಲೀಟರ್ ಹಿಡಿದಿದೆ. ನೂರಕ್ಕೆ ಸುಮಾರು 22.2 ಲೀಟರ್. ಏರಿಕೆ ಶೇ 11. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ವಾರದಲ್ಲಿ 1,800 ರೂಪಾಯಿ ಹೆಚ್ಚುವರಿ ಖರ್ಚು. ಅದೇ ಸಾಲಿನ ಕೊನೆಯಲ್ಲಿ ಸರ್ವಿಸ್ ಗಡುವು 85,600 ಎಂದಿದೆ. ಉಳಿದಿರುವುದು 490 ಕಿ.ಮೀ. ದಿನಕ್ಕೆ 150 ಕಿ.ಮೀ. ಓಡುವ ಈ ಬಸ್ಸು ಬರುವ ಗುರುವಾರ ಗಡುವು ದಾಟುತ್ತದೆ. ಹಾಗಾಗಿ ಬುಧವಾರ ಸಂಜೆಗೇ ಗ್ಯಾರೇಜಿಗೆ ಹೇಳಿಟ್ಟು, ಏರ್ ಫಿಲ್ಟರ್, ಇಂಜೆಕ್ಟರ್, ಬ್ರೇಕ್ ಮತ್ತು ಟೈರ್ ಗಾಳಿಯನ್ನು ವಿಶೇಷವಾಗಿ ನೋಡಲು ತಿಳಿಸಬೇಕು. ಸರ್ವಿಸ್ ಆದ ಮೇಲಿನ ಪೂರ್ಣ ವಾರದಲ್ಲಿ ಅಂಕಿ 20ರ ಆಸುಪಾಸಿಗೆ ಮರಳಿದರೆ ದೋಷ ಅಲ್ಲಿಯೇ ಇತ್ತು. ಮರಳದಿದ್ದರೆ ಕಾರಣ ಬೇರೆ ಕಡೆ ಇದೆ; ಸೋರಿಕೆಯನ್ನೂ ಕಳವನ್ನೂ ತನಿಖೆ ಮಾಡಬೇಕು.

ಇದೇ ಶೇ 11 ಏರಿಕೆ ಸರ್ವಿಸ್ ಆದ ಮರುವಾರ ಕಂಡಿದ್ದರೆ ಅರ್ಥ ಬೇರೆ. ಆಗ ಮೊದಲು ಅನುಮಾನಿಸಬೇಕಾದದ್ದು ಬಿಗಿಯಾಗಿ ಹೊಂದಿಸಿದ ಬ್ರೇಕನ್ನು. ಟ್ರಿಪ್ ಮುಗಿದೊಡನೆ ಒಂದು ಚಕ್ರದ ಹಬ್ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇರುವ ಸಾಧ್ಯತೆ ಹೆಚ್ಚು. ಏರುದಾರಿಯಲ್ಲಿ ಕಪ್ಪು ಹೊಗೆ ಬರುತ್ತಿದ್ದರೆ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು. ಗಡುವಿನ ಅಂಕಣ ಪಕ್ಕದಲ್ಲಿಲ್ಲದಿದ್ದರೆ ಸರ್ವಿಸಿಗೆ ಮುಂಚಿನ ಏರಿಕೆಯೂ ನಂತರದ ಏರಿಕೆಯೂ ಒಂದೇ ರೀತಿ ಕಾಣುತ್ತಿದ್ದವು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಮೀಟರ್ ಕೆಡುವುದು. ಅದೇ ಬಸ್ಸು ಆರು ದಿನ ಓಡಿ, ಮೀಟರ್ ನಾಲ್ಕೇ ದಿನ ಕೆಲಸ ಮಾಡಿತೆನ್ನಿ. ಡೀಸೆಲ್ ಬಳಕೆ ಎಂದಿನಂತೆ 180 ಲೀಟರ್, ದಾಖಲಾದ ಓಟ 600 ಕಿ.ಮೀ. ಮಾತ್ರ. ವರದಿಯಲ್ಲಿ ನೂರಕ್ಕೆ 30 ಲೀಟರ್ ಎಂದು ಬರುತ್ತದೆ. ಜೊತೆಗೆ ಸರ್ವಿಸ್ ಗಡುವು ಇದ್ದಕ್ಕಿದ್ದಂತೆ ದೂರ ಸರಿಯುತ್ತದೆ. ಡೀಸೆಲ್ ಹಾಳೆಯನ್ನಷ್ಟೇ ನೋಡಿದವರು ಚಾಲಕನ ಮೇಲೆ ಕಳವಿನ ಆರೋಪ ಹೊರಿಸುತ್ತಾರೆ. ಸರ್ವಿಸ್ ಹಾಳೆಯನ್ನಷ್ಟೇ ನೋಡಿದವರು ಇನ್ನೂ ಸಮಯವಿದೆಯೆಂದು ಹಳೆಯ ಆಯಿಲಿನಲ್ಲೇ ಬಸ್ಸು ಓಡಿಸುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ, ಬಳಕೆ ಏರಿದ ವಾರವೇ ಗಡುವು ದೂರ ಸರಿದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಮೀಟರನ್ನು ಎಂಬುದು ಹೊಳೆಯುತ್ತದೆ. ಮಾರ್ಗದ ದೂರ ಗೊತ್ತಿರುವ ಒಂದು ಟ್ರಿಪ್‌ನಲ್ಲಿ ಮೀಟರ್ ಎಷ್ಟು ತೋರಿಸಿತೆಂದು ನೋಡಿದರೆ ಸತ್ಯ ತಿಳಿಯುತ್ತದೆ.

ವಾರದ ಅಂಕಿಗೆ ಮಿತಿಗಳೂ ಇವೆ. ಮೇಲಿನ ಬಸ್ಸು 200 ಲೀಟರ್ ಬಳಸಿದ ವಾರದ ಶನಿವಾರ ಟ್ಯಾಂಕ್ 20 ಲೀಟರ್ ಕಡಿಮೆ ತುಂಬಿಸಿದ್ದರೆ ಬಳಕೆ 180 ಲೀಟರ್ ಎಂದು ಕಂಡು ದೋಷ ಪೂರ್ತಿ ಮುಚ್ಚಿಹೋಗುತ್ತಿತ್ತು. ಮರುವಾರ ಅದು 220 ಆಗಿ ಗಾಬರಿ ಹುಟ್ಟಿಸುತ್ತಿತ್ತು. ಒಂದು ವಾರ ತಗ್ಗಿ ಮರುವಾರ ಅಷ್ಟೇ ಏರಿದರೆ ಅದು ಹೆಚ್ಚಾಗಿ ತುಂಬಿಸುವುದರಲ್ಲಾದ ವ್ಯತ್ಯಾಸ. ಯಂತ್ರದ ದೋಷವಾದರೆ ಏರಿದ್ದು ತಾನಾಗಿ ಇಳಿಯುವುದಿಲ್ಲ. ವಾರಕ್ಕೆ 30 ಲೀಟರ್ ಬಳಸುವ ಸಣ್ಣ ವಾಹನದಲ್ಲಿ 3 ಲೀಟರ್ ಹೆಚ್ಚುಕಡಿಮೆಯೂ ಶೇ 10ರ ವ್ಯತ್ಯಾಸ ತರುವುದರಿಂದ, ಅಂಥವಕ್ಕೆ ನಾಲ್ಕು ವಾರಗಳ ಮೊತ್ತವನ್ನೇ ನೋಡಬೇಕು. ನಿಂತಲ್ಲೇ ಎಂಜಿನ್ ಓಡಿಸಿ ಕೆಲಸ ಮಾಡುವ ಜೆಸಿಬಿಯಂಥ ಯಂತ್ರಗಳಿಗೆ ಕಿಲೋಮೀಟರ್ ಲೆಕ್ಕವೇ ಹೊಂದುವುದಿಲ್ಲ. ಅವುಗಳ ಡೀಸೆಲ್ಲನ್ನೂ ಸರ್ವಿಸನ್ನೂ ಗಂಟೆಗಳಲ್ಲಿ ಅಳೆಯಬೇಕು. ಏಪ್ರಿಲ್–ಮೇ ರಜೆಯಲ್ಲಿ ಶಾಲಾ ಬಸ್ಸುಗಳು ನಿಲ್ಲುವುದರಿಂದ ಸರಾಸರಿ ಆಧಾರದ ದಿನಾಂಕ ಆಗ ತಪ್ಪುತ್ತದೆ. ಜೂನ್ ಮೊದಲ ವಾರಗಳಲ್ಲಿ ಗಡುವು ಬೀಳುವ ಬಸ್ಸುಗಳನ್ನು ರಜೆಯಲ್ಲೇ ಸರ್ವಿಸ್ ಮಾಡಿಸಿ ಮುಗಿಸುವುದು ಲೇಸು.

ಇಂಥ ವರದಿಗೆ ದುಬಾರಿ ಸಾಧನ ಬೇಕಿಲ್ಲ. ವಾಹನದ ಸಂಖ್ಯೆ, ವಾರದ ಓಟ, ಲೀಟರ್, ನೂರು ಕಿಲೋಮೀಟರಿನ ಬಳಕೆ, ಹಿಂದಿನ ನಾಲ್ಕು ವಾರಗಳ ಬಳಕೆ, ಗಡುವಿಗೆ ಉಳಿದ ಕಿಲೋಮೀಟರ್, ಗಡುವಿನ ದಿನಾಂಕ ಎಂಬ ಏಳು ಅಂಕಣಗಳ ಒಂದು ಹಾಳೆ ಸಾಕು. ಅದನ್ನು ವಾಹನದ ಸಂಖ್ಯೆಯ ಕ್ರಮದಲ್ಲಿ ಜೋಡಿಸದೆ, ಗಡುವು ಹತ್ತಿರವಿರುವ ಮತ್ತು ಬಳಕೆ ಏರಿದ ವಾಹನಗಳು ಮೇಲೆ ಬರುವಂತೆ ಜೋಡಿಸಬೇಕು. ಸೋಮವಾರ ಬೆಳಿಗ್ಗೆ ಡೀಸೆಲ್ ಬಿಲ್ಲಿಗೆ ಸಹಿ ಹಾಕುವವರೂ ಗ್ಯಾರೇಜಿಗೆ ವಾಹನ ಕಳಿಸುವವರೂ ಅದೇ ಒಂದು ಹಾಳೆಯನ್ನು ಒಟ್ಟಿಗೆ ಓದಬೇಕು.