ತಂತಿಯೋ, ತಂತಿರಹಿತವೋ: ಘಾಟಿಯ ಬಸ್ಸು ಮತ್ತು ಸಂಜೆಯ ತರಗತಿ

ಬೆಳಗಿನ ಬಸ್ಸು ತಾಳವಾಡಿ ಬಿಟ್ಟು ಹಾಸನೂರಿನ ಕಾಡುದಾರಿಗೆ ಹೊರಳುವ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಕುಳಿತ ಕಾಲೇಜು ಮಕ್ಕಳ ಕಿವಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕೆಲವರ ಕೊರಳಲ್ಲಿ ತಂತಿ ತೂಗುತ್ತಿರುತ್ತದೆ. ಕೆಲವರ ಕಿವಿಯಲ್ಲಿ ಬಿಳಿಯ ಗುಂಡಿಯಂತಹ ಇಯರ್‌ಬಡ್ ಮಾತ್ರ ಕಾಣುತ್ತದೆ. ಈ ಎರಡರಲ್ಲಿ ಯಾವುದನ್ನು ಕೊಡಿಸಬೇಕು ಎಂಬ ಮಾತು ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮನೆಮನೆಯಲ್ಲೂ ಬರುತ್ತದೆ. ಮಕ್ಕಳು ತಂತಿ ಇಲ್ಲದ್ದನ್ನು ಬಯಸುತ್ತಾರೆ, ಹೆತ್ತವರು ಬೆಲೆಯನ್ನು ನೋಡುತ್ತಾರೆ. ಆದರೆ ನಿಜವಾಗಿ ತೀರ್ಮಾನವಾಗಬೇಕಾದುದು ಬೇರೊಂದು ಸ್ಥಳದಲ್ಲಿ: ಮೈಕ್ ತೆರೆದ ಗಳಿಗೆಯಲ್ಲಿ.

ತಾಳವಾಡಿಯಿಂದ ದಿನವೂ ಸತ್ಯಮಂಗಲಕ್ಕೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕಲಿಯುತ್ತಿದ್ದಾಳೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ರಾತ್ರಿ ಒಂದೂವರೆ ಗಂಟೆ ಫೋನಿನಲ್ಲಿ ಆನ್‌ಲೈನ್ ತರಗತಿ. ಬಸ್ಸಿನಲ್ಲಿ ಅವಳು ಕೇಳುವುದು ಮನೆಯಲ್ಲೇ ಇಳಿಸಿಟ್ಟುಕೊಂಡ ಪಾಠಗಳನ್ನು, ಏಕೆಂದರೆ ಕಾಡಿನ ನಡುವೆ ಸಿಗ್ನಲ್ ನೆಚ್ಚುವಂತಿಲ್ಲ. ಅಂದರೆ ಬಸ್ಸಿನಲ್ಲಿ ಅವಳದು ಕೇಳುವ ಕೆಲಸ ಮಾತ್ರ. ತರಗತಿಯಲ್ಲಿ ಕೇಳುವುದೂ ಇದೆ, ಉತ್ತರ ಹೇಳುವುದೂ ಇದೆ. ತಂತಿರಹಿತ ಸಾಧನಕ್ಕೆ ಇವೆರಡೂ ಒಂದೇ ಕೆಲಸವಲ್ಲ.

ಬ್ಲೂಟೂತ್ ಸಾಧನವು ಫೋನಿನೊಡನೆ ಎರಡು ಬಗೆಯಲ್ಲಿ ಸಂಪರ್ಕ ಬೆಳೆಸುತ್ತದೆ. ಹಾಡು ಅಥವಾ ಇಳಿಸಿಟ್ಟ ಪಾಠವನ್ನು ಕೇಳುವಾಗ ಧ್ವನಿ ಒಂದೇ ದಿಕ್ಕಿನಲ್ಲಿ, ಫೋನಿನಿಂದ ಕಿವಿಗೆ ಹರಿಯುತ್ತದೆ. ದಾರಿಯೆಲ್ಲ ಅದಕ್ಕೇ ಮೀಸಲಾದ್ದರಿಂದ ಧ್ವನಿ ತುಂಬಿ ಬರುತ್ತದೆ. ಮೈಕ್ ತೆರೆದೊಡನೆ ಸಾಧನವು ದೂರವಾಣಿ ಕರೆಯ ಬಗೆಗೆ ಬದಲಾಗುತ್ತದೆ. ಆಗ ಹೋಗುವ ಮಾತೂ ಬರುವ ಮಾತೂ ಅದೇ ಇಕ್ಕಟ್ಟಾದ ದಾರಿಯನ್ನು ಹಂಚಿಕೊಳ್ಳಬೇಕು. ಹಳೆಯ ಕ್ರಮದಲ್ಲಿ ಸೆಕೆಂಡಿಗೆ 8,000 ಮಾದರಿಗಳಷ್ಟು ಧ್ವನಿ ಮಾತ್ರ ಸಾಗುತ್ತದೆ, ತುಸು ಹೊಸದರಲ್ಲಿ 16,000. ಮೊದಲನೆಯದರಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನ ಧ್ವನಿಯೆಲ್ಲ ಕತ್ತರಿಸಿ ಹೋಗುತ್ತದೆ. ‘ಸ’ಕಾರದ ಸೀಟಿಯಂತಹ ಅಂಶ ಬಹುಪಾಲು ಅದಕ್ಕಿಂತ ಮೇಲೆಯೇ ಇರುವುದು. ಹಾಗಾಗಿ ‘ಸ’ ಎಂಬುದು ‘ಫ’ ಎಂಬಂತೆ ಕೇಳುತ್ತದೆ, ಪದದ ಕೊನೆಯ ವ್ಯಂಜನ ಮಸುಕಾಗುತ್ತದೆ. ಗೊತ್ತಿರುವ ಭಾಷೆಯಲ್ಲಾದರೆ ಮನಸ್ಸು ತಾನೇ ಅದನ್ನು ತುಂಬಿಕೊಳ್ಳುತ್ತದೆ. ಅದೇ ಇಂಗ್ಲಿಷಿನ ಶಾಸ್ತ್ರಪದವನ್ನು ಜೀವಮಾನದಲ್ಲಿ ಮೊದಲ ಬಾರಿ ಕೇಳುತ್ತಿರುವ ಮಗುವಿಗೆ ತುಂಬಿಕೊಳ್ಳಲು ಏನಿದೆ? ಅವಳಿಗೆ ಪಾಠ ತಿಳಿಯಲಿಲ್ಲವೆಂದು ಮನೆಯವರು ಭಾವಿಸುತ್ತಾರೆ. ಪಾಠ ಅವಳ ಕಿವಿಯವರೆಗೆ ಪೂರ್ತಿ ಬಂದೇ ಇರುವುದಿಲ್ಲ.

ಮ್ಯೂಟ್ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಸರಿಹೋಗಬೇಕೆಂದೇನೂ ಇಲ್ಲ. ತರಗತಿಯ ಅನೇಕ ಆ್ಯಪ್‌ಗಳು ಮ್ಯೂಟ್‌ನಲ್ಲಿಯೂ ಮೈಕ್‌ನ ದಾರಿಯನ್ನು ತೆರೆದೇ ಇಟ್ಟಿರುತ್ತವೆ. ಒಂದೂವರೆ ಗಂಟೆಯೂ ಸಾಧನ ಕರೆಯ ಬಗೆಯಲ್ಲೇ ಉಳಿಯುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಒಂದು ಹಾಡನ್ನು ಹಾಕಿ ಕೇಳಿ, ನಂತರ ತರಗತಿಯ ಆ್ಯಪ್ ಸೇರಿ ಅಲ್ಲಿನ ಮಾತನ್ನು ಕೇಳಬೇಕು. ಡಬ್ಬದೊಳಗಿಂದ ಬಂದಂತೆ ಧ್ವನಿ ತೆಳ್ಳಗಾದರೆ ಕಾರಣ ನೆಟ್‌ವರ್ಕ್ ಅಲ್ಲದಿರಬಹುದು. ಅದೇ ತರಗತಿಯನ್ನು ಫೋನಿನ ಸ್ಪೀಕರಿನಲ್ಲಿ ಒಂದು ನಿಮಿಷ ಕೇಳಿದರೆ ಉಳಿದ ಸಂಶಯವೂ ತೀರುತ್ತದೆ. ಈ ತೊಡಕನ್ನು ನೀಗುವ ಹೊಸ ಬ್ಲೂಟೂತ್ ಕ್ರಮವೊಂದು ಬಂದಿದೆ, ಎಲ್‌ಇ ಆಡಿಯೊ ಎಂದು ಅದರ ಹೆಸರು. ಫೋನು ಮತ್ತು ಇಯರ್‌ಬಡ್ ಎರಡರಲ್ಲಿಯೂ ಅದು ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ಹಳೆಯ ದಾರಿಯೇ ಗತಿ.

ತಂತಿಯ ಇಯರ್‌ಫೋನಿನಲ್ಲಿ ಈ ಹಂಚಿಕೆಯೇ ಇಲ್ಲ. 3.5 ಮಿ.ಮೀ. ಪಿನ್ನನ್ನು ಗಮನಿಸಿದರೆ ಅದರ ಮೇಲೆ ಮೂರು ಕಪ್ಪು ಉಂಗುರಗಳೂ ಅವುಗಳಿಂದ ಬೇರ್ಪಟ್ಟ ನಾಲ್ಕು ಲೋಹದ ಭಾಗಗಳೂ ಕಾಣುತ್ತವೆ: ಎಡಗಿವಿಗೊಂದು, ಬಲಗಿವಿಗೊಂದು, ಮೈಕಿಗೊಂದು, ಎಲ್ಲಕ್ಕೂ ಸಾಮಾನ್ಯವಾದದ್ದು ಒಂದು. ಎರಡೇ ಉಂಗುರಗಳಿದ್ದರೆ ಅದರಲ್ಲಿ ಮೈಕ್ ಇಲ್ಲವೆಂದೇ ಅರ್ಥ. ಮಾತು ತನ್ನ ತಂತಿಯಲ್ಲಿ, ಪಾಠ ತನ್ನ ತಂತಿಯಲ್ಲಿ ಸಾಗುವುದರಿಂದ ಮೈಕ್ ತೆರೆದರೂ ಕೇಳುವ ಧ್ವನಿ ಕುಗ್ಗುವುದಿಲ್ಲ. ಮೈಕ್ ಇರುವ ಜಾಗವೂ ಅನುಕೂಲದ್ದು. ತಂತಿಯಲ್ಲಿ ಅದು ಗದ್ದದ ಕೆಳಗೆ, ಬಾಯಿಗೆ ಗೇಣಿನೊಳಗೆ ತೂಗುತ್ತದೆ. ಇಯರ್‌ಬಡ್‌ನ ಮೈಕ್ ಕಿವಿಯ ಬಳಿ ಇದ್ದು, ಮನೆಯ ಮಿಕ್ಸಿಯ ಸದ್ದನ್ನೂ ಹುಡುಗಿಯ ಮಾತನ್ನೂ ಬೇರ್ಪಡಿಸಲು ಹೆಣಗುತ್ತದೆ. ತಂತಿಯ ಮೈಕಿಗೂ ಒಂದು ದೋಷವಿದೆ: ಅಂಗಿಯ ಗುಂಡಿಗೋ ದುಪಟ್ಟಾಕ್ಕೋ ಉಜ್ಜಿದರೆ ಗುರುಗಳಿಗೆ ಗರಗರ ಸದ್ದು ಕೇಳುತ್ತದೆ. ಉತ್ತರ ಹೇಳುವಾಗ ಮೈಕನ್ನು ಎರಡು ಬೆರಳಲ್ಲಿ ಬಟ್ಟೆಯಿಂದ ದೂರ ಹಿಡಿದರೆ ಸಾಕು.

ಈಗಿನ ಅನೇಕ ಫೋನುಗಳಲ್ಲಿ ಆ ದುಂಡು ರಂಧ್ರವೇ ಇಲ್ಲ. ಅಂಥವಕ್ಕೆ ಟೈಪ್-ಸಿ ಪಿನ್ನಿನ ಇಯರ್‌ಫೋನನ್ನಾದರೂ ಚಿಕ್ಕ ಅಡಾಪ್ಟರನ್ನಾದರೂ ಕೊಳ್ಳಬೇಕು. ಇಲ್ಲಿ ಮೋಸ ಹೋಗುವವರು ಹೆಚ್ಚು. ಕೆಲವು ಫೋನುಗಳು ಟೈಪ್-ಸಿ ಮೂಲಕ ನೇರವಾಗಿ ಕಿವಿಗೆ ಬೇಕಾದ ವಿದ್ಯುತ್ ಸಂಕೇತವನ್ನೇ ಕೊಡುತ್ತವೆ. ಉಳಿದವು ಅಂಕಿಗಳ ರೂಪದಲ್ಲಿ ಕೊಡುವುದರಿಂದ ಅದನ್ನು ಧ್ವನಿಯಾಗಿ ಮಾರ್ಪಡಿಸುವ ಚಿಪ್ ಅಡಾಪ್ಟರಿನೊಳಗೇ ಇರಬೇಕು. ಚಿಪ್ ಇಲ್ಲದ ಅಗ್ಗದ ಅಡಾಪ್ಟರ್ ಒಂದು ಫೋನಿನಲ್ಲಿ ಹಾಡುತ್ತದೆ, ಇನ್ನೊಂದರಲ್ಲಿ ಮೂಕವಾಗಿ ಕೂರುತ್ತದೆ. ಮಗುವಿನ ಫೋನನ್ನೇ ಅಂಗಡಿಗೆ ಒಯ್ದು ಚುಚ್ಚಿ ನೋಡಬೇಕು. ಧ್ವನಿಮುದ್ರಣದ ಆ್ಯಪ್ ತೆರೆದು ನಾಲ್ಕು ಮಾತು ಮುದ್ರಿಸಿ, ಮೈಕನ್ನು ಉಗುರಿನಿಂದ ತಟ್ಟಿ, ಮತ್ತೆ ಕೇಳಬೇಕು. ತಟ್ಟಿದ ಸದ್ದು ಜೋರಾಗಿ ಬಂದರೆ ಇಯರ್‌ಫೋನಿನ ಮೈಕೇ ಕೆಲಸ ಮಾಡುತ್ತಿದೆ. ಬರದಿದ್ದರೆ ಮುದ್ರಿಸಿಕೊಂಡದ್ದು ಫೋನಿನ ಮೈಕ್.

ಇನ್ನು ಬಸ್ಸು. ಇಲ್ಲಿ ತಂತಿರಹಿತದ ಪಕ್ಷಕ್ಕೆ ನ್ಯಾಯವಾದ ವಾದವಿದೆ. ತುಂಬಿದ ಬಸ್ಸಿನಲ್ಲಿ ನಿಂತವರ ಚೀಲಕ್ಕೆ ತಂತಿ ಸಿಕ್ಕಿ ಎಳೆಯುತ್ತದೆ, ಪಿನ್ನಿನ ಬುಡದಲ್ಲಿ ಒಳಗಿನ ಎಳೆ ಮುರಿಯುತ್ತದೆ. ಒಂದು ಕಿವಿಯಲ್ಲಿ ಸದ್ದು ಬಂದು ಹೋಗಿ ಆಗುತ್ತಿದ್ದು, ಬುಡವನ್ನು ಬಾಗಿಸಿದಾಗ ಮತ್ತೆ ಬಂದರೆ ರೋಗ ಅದೇ. ಇಯರ್‌ಬಡ್‌ಗೆ ಆ ಕಾಟವಿಲ್ಲ, ಆದರೆ ದಿಂಬಂ ಘಾಟಿಯ 27 ತಿರುವುಗಳಲ್ಲಿ ಒಂದರ ಓಲಾಟಕ್ಕೆ ಕಿವಿಯಿಂದ ಜಾರಿ ಸೀಟಿನಡಿ ಉರುಳಿದರೆ ಸಂಜೆಯವರೆಗೂ ಒಂದೇ ಕಿವಿ. ಬ್ಯಾಟರಿಯ ಲೆಕ್ಕವೂ ಇದೆ. ಹೊಸತರಲ್ಲಿ ಐದು ಗಂಟೆ ನಡೆಯುವ ಜೋಡಿ ಎಂದಿಟ್ಟುಕೊಂಡರೆ, ನಾಲ್ಕು ಗಂಟೆ ಬಸ್ಸು, ಒಂದೂವರೆ ಗಂಟೆ ತರಗತಿ ಸೇರಿ ಅವಳ ದಿನ ಐದೂವರೆ ಗಂಟೆ. ನಡುವೆ ಡಬ್ಬಿಯಲ್ಲಿಟ್ಟು ತುಂಬಿಸಲೇಬೇಕು. ಡಬ್ಬಿಯನ್ನು ತುಂಬಿಸಲು ರಾತ್ರಿ ಕರೆಂಟು ಇರಬೇಕು. ಮೈಕ್ ತೆರೆದಾಗ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ. ತೀರ ಚಿಕ್ಕದಾದ ಆ ಲಿಥಿಯಂ ಕೋಶ ದಿನವೂ ತುಂಬಿ ಬರಿದಾಗುತ್ತಾ ವರ್ಷ ಕಳೆದಂತೆ ಕುಗ್ಗುತ್ತದೆ, ಅದನ್ನು ಬದಲಾಯಿಸಿಕೊಡುವ ಅಂಗಡಿ ಈ ಬೆಟ್ಟದ ಮೇಲೆ ಸಿಗುವುದು ಕಷ್ಟ.

ಬಸ್ಸಿನಲ್ಲಿ ತಂತಿಗಿಂತ ಮುಖ್ಯವಾದುದು ಕಿವಿಯೊಳಗಿನ ರಬ್ಬರು. ಸಂಜೆ ಬಣ್ಣಾರಿ ದಾಟಿ ಬಸ್ಸು ಕೆಳಗಿನ ಗೇರಿನಲ್ಲಿ ಘಾಟಿ ಏರುವಾಗ ಎಂಜಿನ್ನಿನ ಮೊರೆತ ಪಾಠವನ್ನು ನುಂಗುತ್ತದೆ. ಮಕ್ಕಳು ಧ್ವನಿಯನ್ನು ಏರಿಸುತ್ತಾರೆ. ದಿಂಬಂ ದಾಟಿ ದಾರಿ ಸಮವಾದ ಮೇಲೆ ಮೊರೆತ ಇಳಿಯುತ್ತದೆ, ಏರಿಸಿದ ಧ್ವನಿ ಮಾತ್ರ ಇಳಿಯುವುದಿಲ್ಲ, ತಾಳವಾಡಿಯವರೆಗೂ ಹಾಗೆಯೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ ರೂಪಿಸಿದ ಮಾನದಂಡದಲ್ಲಿ ಮಕ್ಕಳಿಗೆ ಹೇಳಿರುವ ಮಿತಿ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. ಈ ವಿದ್ಯಾರ್ಥಿನಿ ವಾರದ ಆರು ದಿನಗಳಲ್ಲಿ ಕೇಳುವುದು 33 ಗಂಟೆ. 75ರಲ್ಲಿ ಅದು ಮಿತಿಯೊಳಗಿದೆ. 84 ಡೆಸಿಬೆಲ್‌ಗೆ ಏರಿಸಿದರೆ ಅವಳ ಪಾಲಿಗೆ ಉಳಿಯುವುದು ಐದೇ ಗಂಟೆ, ಅಂದರೆ ಸೋಮವಾರ ರಾತ್ರಿಯ ತರಗತಿ ಮುಗಿಯುವ ಮೊದಲೇ ವಾರದ ಪಾಲು ಮುಗಿಯುತ್ತದೆ.

ಧ್ವನಿ ಏರಿಸದೆ ಕೇಳಬೇಕಾದರೆ ಹೊರಗಿನ ಸದ್ದನ್ನು ತಡೆಯಬೇಕು. ಕಿವಿಯ ಬಾಯಲ್ಲಿ ಸುಮ್ಮನೆ ತೂಗುವ ಗಟ್ಟಿ ಪ್ಲಾಸ್ಟಿಕ್ಕಿನ ಬಗೆ, ತಂತಿಯದಾಗಲಿ ಅಲ್ಲದ್ದಾಗಲಿ, ಅದನ್ನು ಮಾಡಲಾರದು. ಸಿಲಿಕಾನ್ ತುದಿಯುಳ್ಳದ್ದು ಬೇಕು, ಅದರ ಅಳತೆಯೂ ಕಿವಿಗೆ ಒಪ್ಪಬೇಕು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಜೋಡಿಗಳಿರುತ್ತವೆ, ಬಹಳ ಮಂದಿ ಮೊದಲೇ ಜೋಡಿಸಿದ್ದನ್ನು ಬಿಟ್ಟು ಉಳಿದವನ್ನು ಮುಟ್ಟುವುದೇ ಇಲ್ಲ. ಸರಿಯಾಗಿ ಕೂತಿದ್ದರೆ ತನ್ನದೇ ಮಾತು ತಲೆಯೊಳಗೆ ಗುಂಯ್ಗುಡುತ್ತದೆ. ಹಾಗಾಗದಿದ್ದರೆ ಅಳತೆ ಬದಲಿಸಬೇಕು. ಸದ್ದು ತಗ್ಗಿಸುವ ವಿದ್ಯುನ್ಮಾನ ಸೌಕರ್ಯವುಳ್ಳ ದುಬಾರಿ ಇಯರ್‌ಬಡ್‌ಗಳು ಎಂಜಿನ್ನಿನ ಮೊರೆತವನ್ನು ಇನ್ನೂ ಚೆನ್ನಾಗಿ ತಗ್ಗಿಸುತ್ತವೆ ಎಂಬುದು ನಿಜ, ಕೈಯಲ್ಲಿ ಹಣವಿದ್ದವರಿಗೆ ಬಸ್ಸಿನ ಮಟ್ಟಿಗೆ ಅದು ಒಳ್ಳೆಯ ಕಾರಣವೇ. ಬಸ್ಸಿಳಿದ ಮೇಲೆ ಯಾವುದೇ ಆಗಲಿ ಎರಡೂ ಕಿವಿಯಿಂದ ತೆಗೆಯಬೇಕು. ಆನೆ ರಸ್ತೆಗಿಳಿಯುವ ಊರಿನಲ್ಲಿ ಮುಸ್ಸಂಜೆ ಮನೆಯತ್ತ ನಡೆಯುವ ಮಗುವಿನ ಕಿವಿ ತೆರೆದಿರಬೇಕು.

ಒಂದನ್ನೇ ಕೊಳ್ಳಬಲ್ಲ ಮನೆಗೆ, ಹಾಗಾದರೆ, ಮೈಕ್ ಇರುವ, ಸಿಲಿಕಾನ್ ತುದಿಯ ತಂತಿಯ ಇಯರ್‌ಫೋನೇ ತಕ್ಕದ್ದು. ಕೆಲವು ನೂರು ರೂಪಾಯಿಯಲ್ಲಿ ಎರಡು ಕೆಲಸವೂ ನಡೆಯುತ್ತದೆ. ಈಗಾಗಲೇ ಇಯರ್‌ಬಡ್ ಕೊಂಡವರು ಬಸ್ಸಿಗೆ ಅದನ್ನೇ ಇಟ್ಟುಕೊಂಡು ತರಗತಿಗೆ ಮಾತ್ರ ತಂತಿಯದನ್ನು ತಂದರೆ ನಷ್ಟವಿಲ್ಲ. ತರಗತಿ ಲ್ಯಾಪ್‌ಟಾಪಿನಲ್ಲಿ ನಡೆಯುವುದಾದರೆ ಅಷ್ಟೂ ಬೇಡ: ಆ್ಯಪ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಆಗಿ ಇಯರ್‌ಬಡ್ಡನ್ನೂ ಮೈಕ್ ಆಗಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೂ ಆರಿಸಿದರೆ, ಇಯರ್‌ಬಡ್ ಕೇಳುವ ಬಗೆಯಲ್ಲೇ ಉಳಿದು ಧ್ವನಿ ಕುಗ್ಗುವುದಿಲ್ಲ.

ಯಾವುದನ್ನು ಕೊಂಡರೂ ಬಿಲ್ ಪಡೆಯಬೇಕು. ವಾರಂಟಿಯ ಅವಧಿಯಲ್ಲಿ ಒಂದು ಬಡ್ ಸತ್ತುಹೋಗಿ ಮಾರಿದವನು ಕೈತೊಳೆದುಕೊಂಡರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಂಡದ್ದು ಚಾಮರಾಜನಗರದಲ್ಲಾದರೂ, ಆನ್‌ಲೈನಿನಲ್ಲಾದರೂ, ತಾಳವಾಡಿಯವರಿಗೆ ಅದು ಈರೋಡ್ ಜಿಲ್ಲೆಯ ಆಯೋಗ. ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಸಲೀಸು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕರೆ ಮಾಡುವಾಗ ಬಿಲ್ಲಿನ ಸಂಖ್ಯೆಯೂ ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆಯೂ ಕೈಯಲ್ಲಿರಲಿ. ಪೆಟ್ಟಿಗೆಯನ್ನು ಬಿಸಾಡುವ ಮುನ್ನ ಎರಡನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರಾಯಿತು.