ಮಗುವಿಗೆ ಬೇಕಿರುವುದು ಮಾಜೂನ್ ಅಲ್ಲ, ಅಮ್ಮಿಯ ಮಡಿಲು

ನಮ್ಮ ಹಾಲ್ಕುರಿಕೆಯಲ್ಲಿ ಮನೆಗೆ ಎರಡನೇ ಮಗು ಬಂದು ಅಕೀಕಾ ಮುಗಿದ ಕೆಲವು ವಾರಗಳಲ್ಲಿ, ಮೊದಲನೇ ಮಗುವನ್ನು ಕರೆದುಕೊಂಡು ನನ್ನ ಬಳಿಗೆ ಬರುವವರಿದ್ದಾರೆ. "ಹಕೀಮ್ ಸಾಬ್, ಇಷ್ಟು ದಿನ ಚೆನ್ನಾಗಿದ್ದ, ಈಗ ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಮಸಾನೆ ಕಮ್ಜೋರಿಗೆ ಏನಾದರೂ ಮಾಜೂನ್ ಕೊಡಿ" ಎನ್ನುತ್ತಾರೆ. ಇಂಥ ಮಗುವಿಗೆ ಮಾಜೂನ್ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮನೆಯ ವಿಷಯ ಹೇಳುತ್ತೇನೆ. ಹುಡುಗನಿಗೆ ನಾಲ್ಕು ವರ್ಷ. ತಾಯಿ ಹೆರಿಗೆಗೆಂದು ತವರಿಗೆ ಹೋದಾಗ ಅಂಗನವಾಡಿ ತಪ್ಪಬಾರದೆಂದು ಅವನನ್ನು ದಾದಿಯ ಬಳಿ ಬಿಟ್ಟಿದ್ದರು. ನಲವತ್ತು ದಿನ ಕಳೆದು ಅಮ್ಮಿ ಬಂದಾಗ ಅವಳ ಮಡಿಲಲ್ಲಿ ತಂಗಿ ಇದ್ದಳು. ಒಂದು ವರ್ಷದಿಂದ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಯಿತು. ಹುಡುಗ ತೊದಲತೊಡಗಿದ, ಹಾಲಿನ ಬಾಟಲಿ ಕೇಳಿದ, ಯಾರೂ ನೋಡದಾಗ ಕೂಸನ್ನು ಚಿವುಟಿದ. ದಾದಿ ನಜರ್ ಆಗಿದೆಯೆಂದು ಮೆಣಸಿನಕಾಯಿ ಇಳಿ ತೆಗೆದರು. ಅಬ್ಬಾ ಗದರಿಸಿದರು. ಬಂದ ನೆಂಟರು "ಇನ್ನು ನಿನ್ನ ಅಮ್ಮಿ ನಿನಗಿಲ್ಲ, ಪಾಪುಗೆ ಮಾತ್ರ" ಎಂದು ನಕ್ಕರು. ದೊಡ್ಡವರಿಗೆ ಅದು ತಮಾಷೆ. ನಾಲ್ಕು ವರ್ಷದ ಮಗುವಿಗೆ ತಮಾಷೆ ಯಾವುದು, ನಿಜ ಯಾವುದು ತಿಳಿಯದು. ಅಮ್ಮಿ ನಲವತ್ತು ದಿನ ಕಾಣದೆ ಹೋಗಿದ್ದನ್ನು ಅದು ಆಗಲೇ ಕಣ್ಣಾರೆ ನೋಡಿದೆ.

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತಾರೆ. ಗಾಳಿ, ಅನ್ನ-ನೀರು, ನಿದ್ದೆಯ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲೊಂದು. ಈ ಹುಡುಗನಲ್ಲಿ ಕೆಟ್ಟಿದ್ದು ಮಸಾನೆಯಲ್ಲ, ಮನಸ್ಸಿನ ನೆಮ್ಮದಿ. ಪಾಪುವಿನಂತೆ ಇದ್ದರೆ ಅಮ್ಮಿ ಎತ್ತಿಕೊಳ್ಳುತ್ತಾಳೆ ಎಂಬುದು ಅವನ ಲೆಕ್ಕ. ಅವನು ಬೇಕೆಂದು ಮಾಡುವುದಲ್ಲ, ನಿದ್ದೆಯಲ್ಲಿ ಅವನಿಗೆ ಗೊತ್ತೂ ಆಗುವುದಿಲ್ಲ. ಇದು ಕೆಟ್ಟ ಮಗುವಿನ ಗುಣವೂ ಅಲ್ಲ. ತಂದೆಗೆ ಯೂಸುಫರೇ(ಅ) ಹೆಚ್ಚು ಪ್ರಿಯರೆಂದು ಅಣ್ಣಂದಿರು ಕುದಿದದ್ದು ಒಬ್ಬ ಪ್ರವಾದಿಯ ಮನೆಯಲ್ಲೇ.

ಹಾಗೆಂದು ಪರೀಕ್ಷಿಸದೆ ಎಲ್ಲವನ್ನೂ ಹೊಟ್ಟೆಕಿಚ್ಚಿನ ಮೇಲೆ ಹಾಕಬಾರದು. ಉಚ್ಚೆ ಹೊಯ್ಯುವಾಗ ಉರಿ, ಜ್ವರ, ಅತಿಯಾದ ಬಾಯಾರಿಕೆ, ಹಗಲಿಡೀ ಮತ್ತೆ ಮತ್ತೆ ಉಚ್ಚೆ, ತೂಕ ಇಳಿಯುವುದು, ಗಟ್ಟಿ ಮಲಬದ್ಧತೆ ಇವೆಯೇ ಎಂದು ಮೊದಲು ಕೇಳುತ್ತೇನೆ. ಮೂತ್ರ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಬಾಯಾರಿಕೆ ಹೆಚ್ಚಿ ತೂಕ ಇಳಿದಿದ್ದರೆ ಸಕ್ಕರೆ ಕಾಯಿಲೆ ಇರಬಹುದು, ಅಂಥ ಮಗುವನ್ನು ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಈ ಹುಡುಗನಲ್ಲಿ ಅಂಥದ್ದೇನೂ ಇರಲಿಲ್ಲ.

ನಾನು ಮನೆಯವರಿಗೆ ಹೇಳಿದ್ದು ಇಷ್ಟು. ದಿನವೂ ಒಂದೇ ಹೊತ್ತಿಗೆ, ಅಸರ್ ನಮಾಜಿನ ನಂತರ, ಕೂಸನ್ನು ದಾದಿ ನೋಡಿಕೊಳ್ಳಲಿ. ಹದಿನೈದು ನಿಮಿಷ ಅಮ್ಮಿ ಇವನೊಬ್ಬನ ಜೊತೆ ಕೂರಲಿ, ಆಟ ಅವನು ಹೇಳಿದ್ದೇ ಆಗಲಿ. ಅವನು ಅಂದು ತಂಟೆ ಮಾಡಿದ್ದರೂ ಆ ಹೊತ್ತನ್ನು ಶಿಕ್ಷೆಯಾಗಿ ಕಸಿಯಬೇಡಿ. ಮಡಿಲು ಕೇಳಿದರೆ ಕೊಡಿ, "ನೀನೀಗ ದೊಡ್ಡವನು" ಎನ್ನಬೇಡಿ. ದೊಡ್ಡವನಾಗಿದ್ದೇ ತನಗೆ ನಷ್ಟವೆಂದು ಅವನಿಗೆ ಅನಿಸಿರುತ್ತದೆ.

ಹಾಸಿಗೆ ನಾಪಾಕ್ ಆಗುವ ಚಿಂತೆ ತಾಯಂದಿರಿಗೆ ಸಹಜ. ಹಾಸಿಗೆಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೆ ಬೆಡ್‌ಶೀಟ್ ಹಾಕಿದರೆ ಒಗೆಯುವುದು ಬಟ್ಟೆಯನ್ನಷ್ಟೇ. ಮಲಗುವ ಮುಂಚೆ ಉಚ್ಚೆಗೆ ಕಳುಹಿಸಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಮಾತಿಲ್ಲದೆ ಬದಲಿಸಿ, ನೆರೆಯವರ ಮುಂದೆ ಹೇಳಬೇಡಿ.

ಚಿವುಟಿದಾಗ ಹೊಡೆಯಬೇಡಿ. ಕೈ ಹಿಡಿದು "ತಂಗಿಗೆ ನೋವಾಗುತ್ತದೆ, ಬಿಡುವುದಿಲ್ಲ. ಸಿಟ್ಟು ಬಂದರೆ ನನ್ನ ಬಳಿ ಬಾ" ಎನ್ನಿ. ಇಬ್ಬರನ್ನೇ ಒಂದು ಕ್ಷಣವೂ ಬಿಡಬೇಡಿ. ನೆಂಟರು ಕೂಸಿಗೆ ಉಡುಗೊರೆ ತಂದರೆ, ಮನೆಯಲ್ಲೇ ಇಟ್ಟುಕೊಂಡ ಒಂದು ಸಣ್ಣ ವಸ್ತು ಇವನ ಕೈಗೂ ಬರಲಿ. ನುಅಮಾನ್ ಬಿನ್ ಬಶೀರರ(ರ) ತಂದೆ ಅವರಿಗೊಬ್ಬರಿಗೇ ಒಂದು ಕೊಡುಗೆ ಕೊಟ್ಟು ಪ್ರವಾದಿಯವರನ್ನು(ಸ) ಸಾಕ್ಷಿಯಾಗಲು ಕೇಳಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ವಿಚಾರಿಸಿದರು, ಇಲ್ಲವೆಂದಾಗ ಸಾಕ್ಷಿಯಾಗಲಿಲ್ಲ. ನಾಲ್ಕು ವರ್ಷದ ಮಗು ಕೇಳುವುದೂ ಆ ನ್ಯಾಯವನ್ನೇ.

ಎರಡು ವಾರದಲ್ಲಿ ಚಿವುಟುವುದು ಕಡಿಮೆಯಾಯಿತು. ವಾಸಿಯಾಯಿತೆಂದು ಮನೆಯವರು ಆ ಹದಿನೈದು ನಿಮಿಷ ಬಿಟ್ಟರು, ನಾಲ್ಕೇ ದಿನದಲ್ಲಿ ಹಾಸಿಗೆ ಮತ್ತೆ ದಿನವೂ ಒದ್ದೆ. ಪುನಃ ಶುರುಮಾಡಿದ ಮೇಲೆ, ಎರಡು ತಿಂಗಳಿಗೆ ವಾರಕ್ಕೊಮ್ಮೆಗೆ ಇಳಿಯಿತು. ಐದು ವರ್ಷದೊಳಗೆ ಅಷ್ಟು ಒದ್ದೆಯನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಮೂರು ತಿಂಗಳಾದರೂ ಇಳಿಯದಿದ್ದರೆ, ಮಗು ಊಟ-ಆಟ ಬಿಟ್ಟು ಮಂಕಾದರೆ, ಅಥವಾ ಕೂಸಿಗೆ ಏಟಾಗುವಂತೆ ಹೊಡೆಯುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮುಂದಿನ ಹೆರಿಗೆಗೆ ತವರಿಗೆ ಹೊರಟಾಗ ದೊಡ್ಡ ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ಅಂಗನವಾಡಿ ನಲವತ್ತು ದಿನ ತಪ್ಪಿದರೆ ಆಗುವ ನಷ್ಟ ಸಣ್ಣದು.