ಹೂವಿನ ಪದ್ಯದಲ್ಲಿ ಪ್ಲೇಗು ಇದೆಯೇ?

ನಮ್ಮ ಡೊಂಬಿವಿಲಿಯ ಸೊಸೈಟಿಯ ವಾಟ್ಸಾಪ್ ಗುಂಪಿಗೆ ವರ್ಷಕ್ಕೊಮ್ಮೆಯಾದರೂ ಒಂದು ಫಾರ್ವರ್ಡ್ ಬಂದೇ ಬರುತ್ತದೆ. ‘ರಿಂಗಾ ರಿಂಗಾ ರೋಸಸ್’ ಹಾಡನ್ನು ಮಕ್ಕಳಿಗೆ ಕಲಿಸಬೇಡಿ, ಅದು ಸಾವಿನ ಹಾಡು ಎಂಬುದೇ ಅದರ ಸಾರ. ಗುಲಾಬಿಯ ಉಂಗುರವೆಂದರೆ ಪ್ಲೇಗು ಬಂದವರ ಮೈಮೇಲಿನ ಕೆಂಪು ಗುರುತು, ಜೇಬಿನ ಹೂವು ಕೆಟ್ಟ ಗಾಳಿಗೆ ಮದ್ದು, ಆಮೇಲೆ ಸೀನು, ಕೊನೆಗೆ ಎಲ್ಲರೂ ಬೀಳುವುದೆಂದರೆ ಸಾವು. 1665ರ ಲಂಡನ್ ಪ್ಲೇಗಿನ ನೆನಪಂತೆ. ಈ ಸಲ ಮಕ್ಕಳ ಕಾರ್ಯಕ್ರಮದಿಂದ ಈ ಹಾಡನ್ನು ಕೈಬಿಡಬೇಕೆಂದು ಇಬ್ಬರು ತಾಯಂದಿರು ಹೇಳಿದರು. ನರ್ಸರಿಯ ಪುಟಾಣಿಗಳಿಗೆ ಬರುವುದು ಅದೊಂದೇ ಹಾಡು. ಹಾಗಾಗಿ ಈ ಮಾತನ್ನು ಸ್ವಲ್ಪ ಜಾಲಾಡಿಸಿ ನೋಡೋಣ.

ಮೊದಲು ತಾರೀಖು. ಇಂಗ್ಲೆಂಡಿನಲ್ಲಿ ಈ ಪದ್ಯ ಅಚ್ಚಾಗಿದ್ದು 1881ರಲ್ಲಿ, ಕೇಟ್ ಗ್ರೀನವೇ ಚಿತ್ರ ಬರೆದ ‘ಮದರ್ ಗೂಸ್’ ಪುಸ್ತಕದಲ್ಲಿ. ಅಮೆರಿಕದಲ್ಲಿ 1790ರ ಸುಮಾರಿಗೇ ಮಕ್ಕಳು ಇದನ್ನು ಆಡುತ್ತಿದ್ದರೆಂದು ವಿಲಿಯಂ ವೆಲ್ಸ್ ನ್ಯೂವೆಲ್ ಎಂಬ ಸಂಗ್ರಾಹಕ 1883ರಲ್ಲಿ ಬರೆದ. ಅದನ್ನು ನಂಬಿದರೂ ಲಂಡನ್ ಪ್ಲೇಗಿಗೂ ಪದ್ಯಕ್ಕೂ ನಡುವೆ ನೂರಿಪ್ಪತ್ತೈದು ವರ್ಷಗಳ ಮೌನ ಉಳಿಯುತ್ತದೆ. ಪ್ಲೇಗಿನ ದಿನಗಳನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ ಸ್ಯಾಮುಯೆಲ್ ಪೀಪ್ಸ್ ಕೂಡ ಇಂಥ ಹಾಡಿನ ಸುದ್ದಿ ಎತ್ತಿಲ್ಲ.

ಇನ್ನು ಅರ್ಥ ಹುಟ್ಟಿದ ತಾರೀಖು. ಪ್ಲೇಗಿನ ವಿವರಣೆ ಜನಪ್ರಿಯವಾದದ್ದು ಎರಡನೇ ಮಹಾಯುದ್ಧದ ನಂತರ. ಶಿಶುಗೀತೆಗಳ ದೊಡ್ಡ ಕೋಶ ಮಾಡಿದ ಓಪಿ ದಂಪತಿ 1951ರಲ್ಲೇ ಅದನ್ನು ಪ್ರಸ್ತಾಪಿಸಿ ಸಂಶಯಪಟ್ಟಿದ್ದರು. 1961ರಲ್ಲಿ ಜೇಮ್ಸ್ ಲೀಸರ್ ಪ್ಲೇಗಿನ ಬಗ್ಗೆ ಬರೆದ ಜನಪ್ರಿಯ ಪುಸ್ತಕದಲ್ಲಿ ಅದು ನಿಜವೆಂಬಂತೆ ಕಾಣಿಸಿಕೊಂಡಿತು. ಮಕ್ಕಳು ಹಾಡುತ್ತಾ ಹಾಡುತ್ತಾ ತಲೆಮಾರುಗಳು ಕಳೆದ ಮೇಲೆ ದೊಡ್ಡವರಿಗೆ ‘ಗುಟ್ಟು’ ಹೊಳೆಯಿತು!

ಮೂರನೆಯದು ಪಾಠಾಂತರ. ಈ ಕಥೆಯೆಲ್ಲ ನಿಂತಿರುವುದು ಸೀನಿನ ಮೇಲೆ. ಆದರೆ 1881ರ ಪುಸ್ತಕದಲ್ಲಿ ಸೀನೇ ಇಲ್ಲ, ‘ಸುಮ್ಮನಿರಿ’ ಎನ್ನುವ ಸದ್ದಿದೆ. ಜರ್ಮನಿಯಲ್ಲಿ ಇದೇ ಆಟ ಆಡುವ ಮಕ್ಕಳು ಪೊದೆಯ ಕೆಳಗೆ ಕೂರುತ್ತಾರೆ. ಕೆಲವು ಊರುಗಳಲ್ಲಿ ಬೀಳುವ ಬದಲು ಮೊಣಕಾಲು ಬಗ್ಗಿಸಿ ವಂದಿಸುತ್ತಿದ್ದರು. ನಮ್ಮ ಠಾಣೆ, ಕಲ್ಯಾಣದ ಮಕ್ಕಳಂತೂ ‘ಹುಶಾ ಬುಶಾ’ ಎನ್ನುತ್ತವೆ. ಅದಕ್ಕೆ ಯಾವ ರೋಗ ಹುಡುಕುವುದು?

ಕೊನೆಯದಾಗಿ ರೋಗವನ್ನೇ ನೋಡಿ. ಅದಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. 1896ರಲ್ಲಿ ಪ್ಲೇಗು ಬಂದದ್ದು ಮುಂಬಯಿಗೇ. ಇಲ್ಲಿಂದ ಹೊರಡುವ ರೈಲುಗಳ ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುತ್ತಿದ್ದರು. ಆದರೂ 1898ರಲ್ಲಿ ಅದು ಬೆಂಗಳೂರು ಮುಟ್ಟಿತು. ಪ್ಲೇಗಿನ ಮುಖ್ಯ ಗುರುತು ತೊಡೆಸಂದಿನಲ್ಲೋ ಕಂಕುಳಲ್ಲೋ ಏಳುವ ಗಡ್ಡೆ ಮತ್ತು ವಿಪರೀತ ಜ್ವರ. ಉಂಗುರದಂಥ ಕೆಂಪು ಗುರುತು ಅದರ ಲಕ್ಷಣವಲ್ಲ, ಸೀನೂ ಅಲ್ಲ. ಸುವಾಸನೆಯ ಗಿಡಮೂಲಿಕೆ ಹಿಡಿದು ಓಡಾಡುತ್ತಿದ್ದರೆಂಬುದು ಮಾತ್ರ ನಿಜ. ಆದರೆ ಹೂವು ಎಲ್ಲ ಕಾಲದ ಮಕ್ಕಳ ಆಟದಲ್ಲೂ ಇರುತ್ತದೆ.

ನಮ್ಮ ಜನ ಪ್ಲೇಗನ್ನು ಹೇಗೆ ನೆನಪಿಟ್ಟುಕೊಂಡರು ನೋಡಿ. ‘ಇಲಿ ಬಿತ್ತು’ ಎಂದರೆ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು ಎಂದೇ ಹಿರಿಯರ ಮಾತಿನಲ್ಲಿ ಅರ್ಥ. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನಿಗೆ ಗುಡಿಯೇ ಇದೆ. ಲಂಡನ್ನಿನವರ ನೆನಪಿನಲ್ಲೂ ಇರುವುದು ಬೀಗ ಜಡಿದ ಮನೆ, ಬಾಗಿಲ ಮೇಲಿನ ಕೆಂಪು ಶಿಲುಬೆ. ಇಂಥ ಒಂದೂ ಆ ಪದ್ಯದಲ್ಲಿಲ್ಲ. ಸಂಕಟವನ್ನು ಕಂಡವರು ಅದನ್ನು ಹೂವಿನಲ್ಲಿ ಬಚ್ಚಿಡುವ ಅಗತ್ಯವೂ ಇರಲಿಲ್ಲ. ನಮ್ಮ ‘ಕೆರೆಗೆ ಹಾರ’ವನ್ನೇ ತೆಗೆದುಕೊಳ್ಳಿ. ನೀರು ಬಾರದ ಕೆರೆಗೆ ಮನೆಯ ಸೊಸೆಯನ್ನು ಬಲಿ ಕೊಟ್ಟ ಕಥೆಯನ್ನು ಅದು ಹೆಸರು ಹಿಡಿದೇ ಹಾಡುತ್ತದೆ. ಅಲ್ಲಿ ಗೂಢಾರ್ಥ ಹುಡುಕುವ ಕೆಲಸವೇ ಇಲ್ಲ.

ಇಷ್ಟಾಗಿಯೂ ಈ ಪದ್ಯ ಎಲ್ಲಿ ಹುಟ್ಟಿತೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ಪ್ಲೇಗಿನ ಕಥೆ ಬಹುತೇಕ ಕಟ್ಟುಕಥೆ ಎನ್ನಲು ಇಷ್ಟು ಸಾಕು. ಮುಂದಿನ ಸಲ ‘ಬಾ ಬಾ ಬ್ಲ್ಯಾಕ್ ಶೀಪ್’ ಬಗ್ಗೆಯೋ ‘ಲಂಡನ್ ಬ್ರಿಡ್ಜ್’ ಬಗ್ಗೆಯೋ ಫಾರ್ವರ್ಡ್ ಬಂದರೆ ಮೂರೇ ಪ್ರಶ್ನೆ ಕೇಳಿ: ಪದ್ಯ ಮೊದಲು ಸಿಕ್ಕಿದ್ದು ಯಾವಾಗ, ಈ ಅರ್ಥವನ್ನು ಮೊದಲು ಹೇಳಿದ್ದು ಯಾವಾಗ, ಬೇರೆ ಪಾಠಗಳಲ್ಲೂ ಆ ಅರ್ಥ ನಿಲ್ಲುತ್ತದೆಯೇ? ಆ ಇಬ್ಬರು ತಾಯಂದಿರಿಗೂ ಇದನ್ನೇ ಹೇಳಿದೆ. ಒಬ್ಬರು ಒಪ್ಪಿದರು. ಇನ್ನೊಬ್ಬರು, ‘ಅದೆಲ್ಲ ಸರಿ, ಮಕ್ಕಳು ಬೀಳುವಲ್ಲಿ ದಪ್ಪ ಜಮಖಾನೆ ಹಾಸಿಸಿ’ ಎಂದರು. ಆ ಹಾಡಿನಲ್ಲಿ ನಿಜವಾದ ಅಪಾಯವಿದ್ದರೆ ಅದೊಂದೇ.